ಸಾರು ಒಡೆಯದೆ ರಾತ್ರಿಯವರೆಗೆ ಬಂದದ್ದು ಹೀಗೆ

ಕಾರವಾರದ ನಮ್ಮ ಖಾನಾವಳಿಯಲ್ಲಿ ಬಂಗಡೆ ಸಾರಿನ ದೊಡ್ಡ ಪಾತ್ರೆ ಬೆಳಿಗ್ಗೆ ಒಲೆಗೆ ಏರಿದರೆ ರಾತ್ರಿಯೇ ಇಳಿಯುತ್ತಿತ್ತು. ಸಿಮ್ಮಿನಲ್ಲಿಟ್ಟರೂ ಎರಡು ಗಂಟೆಯಾಗುವಷ್ಟರಲ್ಲಿ ತೆಂಗಿನಕಾಯಿ ಮಸಾಲೆ ಒಡೆದು ಎಣ್ಣೆ ಮೇಲೆ, ಚರಟದಂಥದ್ದು ಕೆಳಗೆ. ನೀರು ಆರಿ ಉಪ್ಪು ಜಾಸ್ತಿ, ಮುರುಗಲು ಬಿಟ್ಟೂ ಬಿಟ್ಟೂ ಹುಳಿ ಜಾಸ್ತಿ. ತಣ್ಣೀರು ಸುರಿದರೆ ಸಾರಿಗೆ ಮೈಯೇ ಇಲ್ಲ.

ಗ್ಯಾಸ್ ಉಳಿಸೋಣವೆಂದು ಮೂರೂವರೆಗೆ ಒಲೆ ಆರಿಸಿ ಏಳಕ್ಕೆ ಮತ್ತೆ ಕುದಿಸಿದೆ. ಮೇ ತಿಂಗಳಲ್ಲಿ ಒಂದು ದಿನ ಮುಚ್ಚಳ ತೆಗೆದರೆ ನೊರೆ. ಎಂಟು ಲೀಟರ್ ಚೆಲ್ಲಿದೆ. ಅದಕ್ಕಿಂತ ಕೆಟ್ಟದ್ದು, ಇನ್ನೊಮ್ಮೆ ವಾಸನೆಯೇ ಬರಲಿಲ್ಲ, ಆದರೆ ಊಟ ಮಾಡಿದ ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಕುದಿಸಿದರೂ ಸಾಯದ ಬೀಜಾಣುಗಳಿರುತ್ತವೆ, ಸಾರು ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಎದ್ದು ಬೆಳೆಯುತ್ತವೆ. ಕೆಲವು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಈಗ ಮೀನಿಲ್ಲದ ಬರೀ ಮಸಾಲೆ ಸಾರು ಹತ್ತು ಲೀಟರ್ ಮಾಡುತ್ತೇನೆ. ಒಮ್ಮೆ ಚೆನ್ನಾಗಿ ಕುದಿಸಿ, ಮುರುಗಲು ಎತ್ತಿಬಿಡುತ್ತೇನೆ. ಮಧ್ಯಾಹ್ನಕ್ಕೆ ಬೇಕಾದ ಆರು ಲೀಟರಿನ ಪಾತ್ರೆಯನ್ನು ಬಿಸಿನೀರಿನ ಅಗಲ ಪಾತ್ರೆಯೊಳಗೆ ಇಡುವುದು, ಅದರ ತಳದಡಿ ಹಂಚಿನ ಚೂರು. ಉರಿ ತಾಗುವುದು ನೀರಿಗೆ, ಸಾರಿಗಲ್ಲ. ಸಾರಿನ ನಡುವೆ ಥರ್ಮಾಮೀಟರ್ ಅದ್ದಿದರೆ 65ರಿಂದ 70 ಡಿಗ್ರಿ ಇರಬೇಕು, 60ಕ್ಕಿಂತ ಇಳಿಯಲೇಬಾರದು. ಅಂಚಿನಲ್ಲಿ ನೋಡಿ ಮೋಸ ಹೋಗಬೇಡಿ. ಆಗಾಗ ಕಲಕಿ, ಗಟ್ಟಿಯಾದರೆ ಕುದಿಯುವ ನೀರನ್ನೇ ಹಾಕಿ. ಗಿರಾಕಿ ಬಂದಂತೆ ಒಂದೂವರೆ ಲೀಟರ್ ಸಣ್ಣ ಪಾತ್ರೆಗೆ ತೆಗೆದು, ಕುದಿ ಬಂದ ಮೇಲೆ ಮೀನು ಬಿಟ್ಟು ಏಳೆಂಟು ನಿಮಿಷ. ತೆಪ್ಪಲ ಯಾವಾಗ ಹಾಕುತ್ತೇನೆಂಬುದು ನನ್ನಲ್ಲೇ ಇರಲಿ.

ರಾತ್ರಿಯ ನಾಲ್ಕು ಲೀಟರನ್ನು ಬೆಳಿಗ್ಗೆಯೇ ಬೇರೆ ಮಾಡಿ, ಎರಡೆರಡು ಲೀಟರಿನ ಸ್ಟೀಲ್ ಡಬ್ಬಿಗೆ ಹಾಕಿ, ಬಂದರಿನ ಐಸ್ ನೀರಿನಲ್ಲಿ ಕಲಕುತ್ತ ಇಡುತ್ತೇನೆ. ಮುಕ್ಕಾಲು ಗಂಟೆಯಲ್ಲಿ ತಣ್ಣಗಾಗಿ ಫ್ರಿಜ್ ಸೇರುತ್ತದೆ. ಸಂಜೆ ಬೇಕಾದಷ್ಟು ಡಬ್ಬಿ ಮಾತ್ರ ತೆಗೆದು ಒಂದೇ ಸಲ ಕುದಿಸುವುದು. ಉಳಿದರೆ ಚೆಲ್ಲುವುದೇ.

ನಮ್ಮ ಅತ್ತೆ ನಕ್ಕರು: "ಹುಮಣ ಕುದ್ದಷ್ಟೂ ರುಚಿ, ನೀನು ಅದಕ್ಕೆ ಜ್ವರ ನೋಡ್ತೀಯಾ?" ಮನೆಯ ಮಡಕೆಯಲ್ಲಿ ಅರ್ಧ ಲೀಟರ್ ಕುದಿಸಿ ಇಂಗಿಸುವುದು ಬೇರೆ ಮಾತು. ತಿಂಗಳಾದ ಮೇಲೆ ಅವರೇ ಎರಡನೇ ಸಲ ಬಡಿಸಿಕೊಂಡರು.

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಪಾತ್ರೆ ಹೂತಿಟ್ಟೂ ನೋಡಿದ್ದೆ. ಮೂರು ಗಂಟೆ ಚೆನ್ನಾಗಿತ್ತು, ನಾಲ್ಕನೆಯದಕ್ಕೆ 58 ಡಿಗ್ರಿ. ಬಿಟ್ಟೆ. ಪೆಟ್ಟಿಗೆ ಈಗ ಬೆಕ್ಕಿನದು.

ಮೊದಲು ದಿನಕ್ಕೆ ಸುಮಾರು 600 ರೂಪಾಯಿಯ ಸಾರು ಚರಂಡಿಗೆ ಹೋಗುತ್ತಿತ್ತು, ಈಗ 100 ದಾಟುವುದಿಲ್ಲ. ನಾಲ್ಕು ದಿನ ಬರುತ್ತಿದ್ದ ದೊಡ್ಡ ಸಿಲಿಂಡರ್ ಐದಕ್ಕೆ ಹತ್ತಿರ ಬರುತ್ತಿದೆ. ಥರ್ಮಾಮೀಟರಿಗೆ ಕೊಟ್ಟದ್ದು ಮುನ್ನೂರೈವತ್ತೋ ಏನೋ.