ಶಾಲೆಯ ಗೀತರಚನೆ ಸ್ಪರ್ಧೆಗೆ ನಾನು ಅಂಕ ಹಾಕಿದ ಬಗೆ

ಹಾವೇರಿ ಕಡೆಯ ಒಂದು ಪ್ರೌಢಶಾಲೆಯವರು ಗೀತರಚನೆ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದಿದ್ದರು. ವಿಷಯ ‘ಮಳೆ’, ಸಮಯ ಒಂದು ಗಂಟೆ, ಒಂದು ಪಲ್ಲವಿ ಮತ್ತು ಎರಡು ಚರಣ ಬರೆಯಬೇಕು. ನನ್ನ ಜೊತೆಗೆ ಆ ಶಾಲೆಯ ಕನ್ನಡ ಮೇಷ್ಟ್ರು, ಸಂಗೀತದ ಅಕ್ಕೋರು. ಮೂವರೂ ಸೇರಿ 50 ಅಂಕವನ್ನು ಹೀಗೆ ಹಂಚಿಕೊಂಡೆವು: ಹೊಸತನಕ್ಕೆ 20, ಭಾಷೆಗೆ 15, ಗೇಯತೆಗೆ 15. ಇದನ್ನು ಬರೆಯಲು ಕೂರುವ ಮೊದಲೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆವು. ಹಾಳೆಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಆದರೂ ಮೇಷ್ಟ್ರಿಗೆ ತಮ್ಮ ಮಕ್ಕಳ ಕೈಬರಹ ಗೊತ್ತಿರುತ್ತದಲ್ಲ! ಅದಕ್ಕೆ ಶಾಲೆಯ ಗುಮಾಸ್ತರ ಕೈಯಲ್ಲಿ ಎಲ್ಲವನ್ನೂ ಟೈಪ್ ಮಾಡಿಸಿದೆವು. ಕಾಗುಣಿತ ತಿದ್ದಬೇಡಿ, ಇದ್ದದ್ದು ಇದ್ದ ಹಾಗೆ ಇರಲಿ ಎಂದು ಹೇಳಿದ್ದೆವು.

ಹೊಸತನಕ್ಕೆ ಅಂಕ ಹಾಕುವುದು ಮನಸ್ಸಿಗೆ ತೋಚಿದಂತೆ ಆಗಿಬಿಡುತ್ತದೆ. ಹಾಗಾಗದಿರಲೆಂದು ನಾನು ಹಾಳೆಗಳನ್ನು ತೆರೆಯುವ ಮೊದಲೇ, ಈ ವಿಷಯಕ್ಕೆ ಎಲ್ಲರೂ ಏನು ಬರೆದಾರು ಎಂದು ಒಂದು ಪಟ್ಟಿ ಮಾಡುತ್ತೇನೆ. ಮಳೆ ಎಂದರೆ ರೈತನ ನಗು, ಭೂತಾಯಿಯ ಹಸಿರು ಸೀರೆ, ಕುಣಿಯುವ ನವಿಲು, ಕಾಗದದ ದೋಣಿ. ಪ್ರಾಸಕ್ಕೆ ಮಳೆ, ಇಳೆ, ಕಳೆ. ಆಮೇಲೆ ಒಮ್ಮೆ ಎಲ್ಲವನ್ನೂ ಓದಿ, ಪಟ್ಟಿಯಲ್ಲಿಲ್ಲದ ಯಾವುದಾದರೂ ಚಿತ್ರ ಮೂರ್ನಾಲ್ಕು ಹಾಳೆಗಳಲ್ಲಿ ಕಂಡರೆ ಅದನ್ನೂ ಸೇರಿಸುತ್ತೇನೆ. ಪಟ್ಟಿಯಲ್ಲಿದ್ದದ್ದನ್ನು ಬಳಸಿದರೆ ತಪ್ಪೇನಿಲ್ಲ, ಆದರೆ ಬರೀ ಅದೇ ಇದ್ದರೆ 20ಕ್ಕೆ 8ರ ಮೇಲೆ ಏರುವುದಿಲ್ಲ. ಆ ಮಗು ಕಣ್ಣಾರೆ ಕಂಡದ್ದೊಂದು ಹಾಡಿನೊಳಗೆ ಬಂದು, ಚರಣಗಳಲ್ಲಿ ಅದೇ ಬೆಳೆದರೆ 15ರಿಂದ ಶುರು. ಪಲ್ಲವಿಯಲ್ಲಿ ಹೊಸದೇನೋ ಹೊಳೆದು ಚರಣದಲ್ಲಿ ಮತ್ತೆ ನವಿಲಿಗೇ ಬಂದು ನಿಂತರೆ ಈ ಎರಡರ ನಡುವೆ.

ಸಿನಿಮಾ ಹಾಡಿನ ಧಾಟಿಗೆ ಬರೆಯುವ ಮಕ್ಕಳು ಪ್ರತಿ ಸಲವೂ ಇರುತ್ತಾರೆ. ಧಾಟಿಗೆ ಪದ ಕೂಡಿಸುವುದೂ ಒಂದು ವಿದ್ಯೆಯೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೂಲ ಹಾಡಿನ ಮಾತುಗಳೂ ಜೊತೆಗೇ ಬಂದಿದ್ದರೆ ಹೊಸತನದಲ್ಲಿ ಕಡಿಯಬೇಕು. ನನಗೆ ಗೊತ್ತಾಗದ್ದು ಅಕ್ಕೋರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತಿತ್ತು.

ಭಾಷೆಯ 15ರಲ್ಲಿ ಕಾಗುಣಿತಕ್ಕೆ ಎಷ್ಟೇ ತಪ್ಪಿದ್ದರೂ 2 ಅಂಕಕ್ಕಿಂತ ಹೆಚ್ಚು ಕಳೆಯಬಾರದೆಂದು ಮೊದಲೇ ಮಾತಾಡಿಕೊಂಡಿದ್ದೆವು. ಒಂದು ಹಾಳೆಯಲ್ಲಿ ‘ಮಳಿ ಬಂತ ನೋಡವ್ವಾ’ ಎಂದಿತ್ತು. ಮೇಷ್ಟ್ರು ಕೆಂಪು ಪೆನ್ನು ಎತ್ತಿಯೇಬಿಟ್ಟರು. ಅದು ತಪ್ಪಲ್ಲ, ಆ ಮಗು ಮನೆಯಲ್ಲಿ ಆಡುವ ಮಾತು. ಕೊನೆಯವರೆಗೂ ಅದೇ ಮಾತಿನಲ್ಲಿ ನಡೆದಿದೆ, ನೋಡಿ ಎಂದೆ. ಕಡಿಯಬೇಕಾದದ್ದು ‘ಮಳಿ ಬಂತ’ ಎಂದು ಶುರುವಾಗಿ, ಕಾರಣವಿಲ್ಲದೆ ಮುಂದಿನ ಸಾಲಿಗೇ ‘ವರ್ಷಧಾರೆ ಧುಮ್ಮಿಕ್ಕಿತು’ ಎಂದು ಹಾರುವವರಿಗೆ. ಮೇಷ್ಟ್ರು ಒಪ್ಪಿದರು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ.

ನಿಜವಾದ ಜಗಳ ಆದದ್ದು ಗೇಯತೆಯಲ್ಲಿ. ಬಹಳ ಕಡೆ ಬರೆದ ಮಗುವಿನಿಂದಲೇ ಹಾಡಿಸುತ್ತಾರೆ. ಹಾಗೆ ಮಾಡಿದರೆ ಅಂಕ ಬೀಳುವುದು ಕಂಠಕ್ಕೆ, ಬರೆದದ್ದಕ್ಕಲ್ಲ. ನಾವು ಮೊದಲು ಪ್ರತಿಯೊಂದನ್ನೂ ಚಪ್ಪಾಳೆ ತಟ್ಟುತ್ತ ಓದಿದೆವು. ನಂತರ ಅಕ್ಕೋರು ಪೇಟಿ ಹಿಡಿದು, ಒಂದೇ ಶ್ರುತಿಯಲ್ಲಿ, ಸರಳವಾದ ಒಂದೇ ಧಾಟಿಯಲ್ಲಿ, ಎಂಟು ಮಾತ್ರೆಯ ಕೆಹರವಾಕ್ಕೆ ಹಾಡಿದರು. ಮೂರು, ಐದು, ಏಳು ಮಾತ್ರೆಯ ನಡೆಯಲ್ಲಿದ್ದ ಕೆಲವಕ್ಕೆ ಮಾತ್ರ ಧಾಟಿ ಬದಲಿಸಿದರು. ಏಳರ ನಡೆಯ ಹಾಡನ್ನು ಎಂಟಕ್ಕೆ ಎಳೆದು, ಕುಂಟುತ್ತದೆ ಎನ್ನುವುದು ಅನ್ಯಾಯ.

ಒಂದು ಹಾಳೆಯ ಪಲ್ಲವಿ ಹೀಗಿತ್ತು:

ಅಜ್ಜಿಯ ಕೊಡೆಯಲಿ ತೂತೊಂದಾಗಿದೆ
ಅದರೊಳಗಿಂದ ಆಕಾಶ ಇಣುಕಿದೆ

ಹೊಸತನದಲ್ಲಿ ನಾನು 17 ಹಾಕಿದೆ. ಚರಣಗಳಲ್ಲಿ ಅಜ್ಜಿ ಆ ತೂತಿಗೆ ತೇಪೆ ಹಾಕಲು ಬಿಡುವುದಿಲ್ಲ, ಮೊಮ್ಮಗಳು ಅದರಲ್ಲೇ ಮೋಡ ಎಣಿಸುತ್ತಾಳೆ. ಆದರೆ ಅಕ್ಕೋರು ಎರಡನೇ ಸಾಲಿನಲ್ಲಿ ಎರಡು ಸಲ ಎಡವಿದರು. ಮಾತ್ರೆ ಎಣಿಸಿದರೆ ಎರಡೂ ಸಾಲಿಗೆ 16, ಲೆಕ್ಕ ಸರಿಯಿದೆ. ತೊಡಕು ಇರುವುದು ಒಡೆಯುವಲ್ಲಿ. ಮೊದಲ ಸಾಲು ನಾಲ್ಕು ನಾಲ್ಕಾಗಿ ಸಲೀಸಾಗಿ ಬಿಡಿಸಿಕೊಳ್ಳುತ್ತದೆ: ಅಜ್ಜಿಯ, ಕೊಡೆಯಲಿ, ತೂತೊಂ, ದಾಗಿದೆ. ಎರಡನೆಯದರಲ್ಲಿ ‘ಅದರೊಳ’ಕ್ಕೆ ನಾಲ್ಕಾದ ಮೇಲೆ ‘ಗಿಂದ’ಕ್ಕೆ ಮೂರು, ಉಳಿದ ಒಂದು ಮಾತ್ರೆಗೆ ‘ಆ’ ಎಂಬ ಎರಡು ಮಾತ್ರೆಯ ಅಕ್ಷರ ಬಂದು ಕೂರುತ್ತದೆ. ಚಪ್ಪಾಳೆ ‘ಆ’ದ ಹೊಟ್ಟೆಯ ಮೇಲೆ ಬೀಳುತ್ತದೆ. ‘ಅದರೊಳಗಿಂದಾಕಾಶವು ಇಣುಕಿದೆ’ ಎಂದು ಸಂಧಿ ಮಾಡಿಬಿಟ್ಟರೆ ಮಾತ್ರೆ ಆಗಲೂ 16, ತಾಳಕ್ಕೆ ಅಂಟಿ ಕೂರುತ್ತದೆ.

ಇದಕ್ಕೆ ವಿರುದ್ಧವಾದದ್ದು ಇನ್ನೊಂದು:

ಸುಂದರ ಭೂಮಿಗೆ ಮಳೆಯೇ ಸೊಗಸು
ರೈತನ ಮನಸಿಗೆ ಮಳೆಯೇ ಕನಸು

ಪೇಟಿ ಇಲ್ಲದೆಯೂ ಹಾಡಿಕೊಂಡು ಹೋಗಬಹುದು. ಸಾಲಿನ ಕೊನೆಗೆ ಒಂದು ಮಾತ್ರೆ ಕಡಿಮೆ ಇರುವುದು ಉಸಿರು ತೆಗೆದುಕೊಳ್ಳಲು ಅನುಕೂಲವೇ. ಗೇಯತೆಗೆ 14, ಭಾಷೆಗೆ 13, ಹೊಸತನಕ್ಕೆ 7. ಒಟ್ಟು 34.

ಕೊಡೆಯ ಹಾಡಿಗೆ ಗೇಯತೆಯಲ್ಲಿ ನಾನು 10 ಹಾಕಿದ್ದೆ, ಅಕ್ಕೋರು 5. ಒಂದೇ ಕಾಲಮ್ಮಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂತರ ಬಂದರೆ ಇಬ್ಬರೂ ಕಾರಣ ಹೇಳಬೇಕು, ಅಂಕ ಬದಲಿಸಲೇಬೇಕೆಂದಿಲ್ಲ. ಇದು ನಮ್ಮ ನಿಯಮ. “ಹಾಡಾಕ ಬರದ ಹಾಡಿಗೆ ಮೊದಲನೇ ಬಹುಮಾನ ಹೆಂಗ ಕೊಡೂದ್ರಿ ಸರ್?” ಎಂದರು ಅಕ್ಕೋರು. ಪ್ರಶ್ನೆ ಸರಿಯಾದದ್ದೇ. ಇನ್ನೊಮ್ಮೆ ಚರಣಗಳನ್ನಷ್ಟೇ ಹಾಡಿ ನೋಡಿ ಎಂದೆ. ಎರಡೂ ಚರಣ ತಡೆಯಿಲ್ಲದೆ ಸಾಗಿ, ಪಲ್ಲವಿಗೆ ಚೆನ್ನಾಗಿ ಹೊರಳಿಕೊಂಡವು. ಎಡವಿದ್ದು ಆ ಒಂದು ಜಾಗದಲ್ಲಿ ಮಾತ್ರ. ಆದರೆ ಎಡವಿದ ಜಾಗ ಪಲ್ಲವಿ, ಪ್ರತಿ ಚರಣದ ಮೇಲೂ ಮರಳಿ ಬರುವಂಥದ್ದು ಎಂಬ ಅವರ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ. ಅವರು 5ನ್ನು 8 ಮಾಡಿದರು, ನಾನು 9ಕ್ಕೆ ಇಳಿದೆ. ನಾನು ತಿದ್ದಿಕೊಂಡ ಸಾಲಿಗೆ ಅಂಕ ಹಾಕುವ ಹಾಗಿಲ್ಲ, ಬರೆದ ಸಾಲಿಗೇ ಹಾಕಬೇಕು. ಭಾಷೆಯ 11 ಸೇರಿ ನನ್ನ ಲೆಕ್ಕದಲ್ಲಿ ಒಟ್ಟು 37.

ಅಕ್ಕೋರ ಪ್ರಶ್ನೆಗೆ ಉತ್ತರವಾಗಿ ಒಂದು ನಿಯಮ ಮೊದಲೇ ಇತ್ತು: ಮೂವರ ಸರಾಸರಿಯಲ್ಲಿ ಗೇಯತೆ 6ಕ್ಕಿಂತ ಕಡಿಮೆ ಬಂದ ಹಾಡಿಗೆ, ಒಟ್ಟು ಅಂಕ ಎಷ್ಟೇ ಇರಲಿ, ಮೊದಲ ಬಹುಮಾನವಿಲ್ಲ. ಕವಿತೆಯಾಗಿ ಸೊಗಸಾಗಿದ್ದರೂ ಹಾಡಾಗದ ಇನ್ನೊಂದು ಹಾಳೆ ಇದೇ ಕಾರಣಕ್ಕೆ ಮೆಚ್ಚುಗೆಯ ಬಹುಮಾನಕ್ಕೆ ನಿಂತಿತು. ಇಂಥ ನಿಯಮವನ್ನು ಹಾಳೆ ತೆರೆದ ಮೇಲೆ ಮಾಡಿದರೆ ಯಾರನ್ನೋ ಗೆಲ್ಲಿಸಲು ಮಾಡಿದ ಹಾಗಾಗುತ್ತದೆ.

ಅಂಕ ಹಾಕುವ ಕ್ರಮದ ಬಗ್ಗೆ ಒಂದು ಮಾತು. ಒಂದು ಹಾಳೆ ಹಿಡಿದು ಮೂರೂ ಕಾಲಮ್ ತುಂಬಿಸಿಬಿಟ್ಟರೆ, ಹೊಸತನ ಹಿಡಿಸಿದ ಹಾಡಿಗೆ ಭಾಷೆಯೂ ಚೆನ್ನಾಗಿರುವಂತೆ ಕಾಣತೊಡಗುತ್ತದೆ. ಅದಕ್ಕೆ ಎಲ್ಲ ಹಾಳೆಗಳಿಗೂ ಮೊದಲು ಹೊಸತನ ಮುಗಿಸಿ, ಆಮೇಲೆ ಹಾಳೆಗಳನ್ನು ಕಲೆಸಿ ಭಾಷೆ, ಕೊನೆಗೆ ಗೇಯತೆ ಹಾಕಿದೆವು. ಮಧ್ಯಾಹ್ನದ ಊಟ ತಡವಾಯಿತು. ಸಮ ಅಂಕ ಬಂದರೆ ಹೊಸತನ ಹೆಚ್ಚಿದ್ದವರು ಮುಂದೆ ಎಂದೂ ಬೋರ್ಡಿನಲ್ಲೇ ಬರೆದಿತ್ತು.

ಕೊಡೆಯ ಹಾಡು ಬರೆದವಳು ಒಂಬತ್ತನೇ ತರಗತಿಯವಳು. ಹಾಳೆ ಹಿಂದಿರುಗಿಸುವಾಗ ಎರಡನೇ ಸಾಲಿನ ಪಕ್ಕದಲ್ಲಿ ‘ಚಪ್ಪಾಳೆ ತಟ್ಟಿ ಓದಿ ನೋಡು’ ಎಂದಷ್ಟೇ ಬರೆದಿದ್ದೆ, ತಿದ್ದಿದ ಸಾಲನ್ನು ಕೊಡಲಿಲ್ಲ. ಅವಳು ಅಲ್ಲೇ ನಿಂತು ತಟ್ಟಿ, “ಇಲ್ಲೇ ‘ವು’ ಹಾಕಿದರ ಕೂಡತೈತೇನ್ರಿ ಸರ್?” ಎಂದು ಕೇಳಿದಳು.