ಜಂಪ್ ಆದಮೇಲಿನ ಆಳ ಲೆಕ್ಕಕ್ಕೆ ಸಿಗದಿದ್ದಾಗ

ಲ್ಯಾಬಿನಲ್ಲಿ ನೀರು ಹರಿಸಿ ನೋಡುವ ಆಯತಾಕಾರದ ಕಾಲುವೆ, ಅಂದರೆ ಫ್ಲೂಮ್‌ನಲ್ಲಿ ಗೇಟಿನ ಕೆಳಗಿಂದ ನೀರು 2 ಸೆಂ.ಮೀ. ಆಳದಲ್ಲಿ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬರುತ್ತಿತ್ತು. ವೇಗದ ನೀರು ಥಟ್ಟನೆ ನಿಧಾನವಾಗಿ ಮೇಲೇರುವುದೇ ಹೈಡ್ರಾಲಿಕ್ ಜಂಪ್. ಅದಾದಮೇಲಿನ ಆಳ ನನ್ನ ಲೆಕ್ಕದಲ್ಲಿ 22.2 ಸೆಂ.ಮೀ. ಅಳೆದರೆ ಸುಮಾರು 11.5! ಆಳ ಅಳೆಯುವ ಪಾಯಿಂಟ್ ಗೇಜ್ ಕೆಟ್ಟಿದೆ ಅಂದುಕೊಂಡು ಎರಡು ದಿನ ಸುಮ್ನೆ ಕಳೆದೆ.

ತಪ್ಪು ಲೆಕ್ಕದಲ್ಲೇ ಇತ್ತು. ಎರಡೂ ಕಡೆ ಶಕ್ತಿ ಸಮ ಅಂತ ಹಿಡಿದಿದ್ದೆ. ಆದರೆ ಜಂಪ್‌ನಲ್ಲಿ ನೀರು ಸುಳಿ ಸುತ್ತಿ ಶಕ್ತಿ ಕಳೆದುಕೊಳ್ಳುತ್ತದೆ, ಅಲ್ವಾ? ತಳ ಸಮತಟ್ಟಾಗಿದ್ದು ಘರ್ಷಣೆ ಕಡಿಮೆಯಿದ್ದರೆ ಸಮವಾಗಿರುವುದು ಒತ್ತಡ ಮತ್ತು ಮೊಮೆಂಟಮ್ ಸೇರಿದ ಮೊತ್ತ. ಅದರಿಂದ ಬರುವ ಸೂತ್ರ ಇದು, y1 ಜಂಪ್‌ಗೆ ಮುಂಚಿನ ಆಳ, y2 ನಂತರದ ಆಳ:

y2 = (y1/2)(√(1+8F²) − 1)

ನೀರಿನ ವೇಗವನ್ನು ಅಲೆಯ ವೇಗಕ್ಕೆ ಹೋಲಿಸುವ ಫ್ರೌಡ್ ಸಂಖ್ಯೆ F ಇಲ್ಲಿ 4.5. ಉತ್ತರ 11.8 ಸೆಂ.ಮೀ. ಉಳಿದ ಸಣ್ಣ ವ್ಯತ್ಯಾಸಕ್ಕೆ ತಳದ ಘರ್ಷಣೆಯೂ ಕಾರಣವಿರಬಹುದು.

ಶಕ್ತಿಯನ್ನು ನೀರಿನ ಎತ್ತರವಾಗಿ ಲೆಕ್ಕ ಹಾಕಿದರೆ ಅದು 22.4 ಸೆಂ.ಮೀ.ಯಿಂದ 12.4ಕ್ಕೆ ಇಳಿದಿತ್ತು. ನೊರೆಯಲ್ಲೇ ಶೇ. 45ರಷ್ಟು ಹೋಗಿತ್ತು!