ನೇವಿ ಬ್ಲೂ ಟೀ ಶರ್ಟ್ ಮೇಲೆ ಲೋಗೋ ಜಾರಿತ್ತು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ನಡುವೆ ನನ್ನದೊಂದು ಸಣ್ಣ ಡಿಸೈನ್ ಅಂಗಡಿ. ಹೋದ ಸಲ ಹೊಸಪೇಟೆ ರಸ್ತೆಯ ಒಂದು ಕಂಪನಿಯವರು ಕಾರ್ಯಕ್ರಮದ ಸಿಬ್ಬಂದಿಗೆ 60 ಟೀ ಶರ್ಟ್ ಕೇಳಿದರು. ನೇವಿ ಬ್ಲೂ ಕಾಲರ್ ಟೀ ಶರ್ಟ್, ಎದೆ ಮೇಲೆ ಮತ್ತು ತೋಳಿನ ಮೇಲೆ ಬಿಳಿ ಲೋಗೋ. ಹೊಲಿಯುವ ಮೊದಲು ಮಾದರಿ ಚಿತ್ರ ಬೇಕು ಅಂದರು.

ಅಂಗಡಿ ಹುಡುಗನಿಗೆ ಒಂದು ಶರ್ಟ್ ತೊಡಿಸಿ ಬೆಳಿಗ್ಗೆ ಶಟರ್ ಪಕ್ಕ ನಿಲ್ಲಿಸಿ ಫೋಟೋ ತೆಗೆದೆ. ನಮ್ಮೂರ ಮಧ್ಯಾಹ್ನದ ಬಿಸಿಲಲ್ಲಿ ನೆರಳು ಗಡುಸಾಗಿ ಬೀಳುತ್ತೆ, ಮಡಿಕೆ ಮಡಿಕೆಯಾಗಿ ಕಾಣೋದಿಲ್ಲ. ಶರ್ಟ್ ಎದೆಯ ಅಗಲ ಟೇಪಿನಲ್ಲಿ 20 ಇಂಚು, ಫೋಟೋದಲ್ಲಿ 2000 ಪಿಕ್ಸೆಲ್. ಅಂದರೆ ಇಂಚಿಗೆ 100. ಹಾಗಾಗಿ ಎದೆಯ 3.5 ಇಂಚಿನ ಲೋಗೋಗೆ 350 ಪಿಕ್ಸೆಲ್. ಎದೆಯ ಎಡ ಅಂದರೆ ತೊಟ್ಟವನ ಎಡ, ಫೋಟೋದಲ್ಲಿ ಅದು ಬಲಗಡೆ ಬರುತ್ತೆ. ಇಲ್ಲಿ ಎಡವಿದವರು ಎಷ್ಟೋ ಜನ.

ಮಡಿಕೆಗೆ ತಕ್ಕಂತೆ ಲೋಗೋ ಬಾಗಿಸಲು ಫೋಟೋಶಾಪ್‌ನಲ್ಲಿ Displace ಫಿಲ್ಟರ್ ಇದೆ. ಫೋಟೋದ ಕಪ್ಪು ಬಿಳುಪು ಪ್ರತಿಯನ್ನು PSD ಮಾಡಿ ಕೊಟ್ಟರೆ, ನೆರಳಿನ ಜಾಗದಲ್ಲಿ ಒಂದು ಕಡೆಗೆ, ಬೆಳಕಿನ ಜಾಗದಲ್ಲಿ ಎದುರು ಕಡೆಗೆ ಲೋಗೋವನ್ನು ಸರಿಸುತ್ತೆ. ಎಷ್ಟು ಸರಿಸಬೇಕು ಅನ್ನೋ ಅಳತೆಗೆ ನಾನು 20 ಕೊಟ್ಟೆ. ಲೋಗೋ ಇಡಿಯಾಗಿ ಪಕ್ಕಕ್ಕೆ ಜಾರಿತು, ಮಡಿಕೆ ಮಾತ್ರ ಕಾಣಲೇ ಇಲ್ಲ! ಸ್ಟಿಕ್ಕರ್ ಅಂಟಿಸಿದ ಹಾಗೆ ಇತ್ತು.

ಕಾರಣ ಹೊಳೆಯಲು ಒಂದು ಚಹಾ ಖರ್ಚಾಯಿತು. ಕಪ್ಪು 0, ಬಿಳಿ 255 ಅಂತ ಎಣಿಸಿದರೆ, ಈ ಫಿಲ್ಟರ್‌ಗೆ ನಡುವಿನ 128ರ ಬೂದು ಅಂದರೆ ಅಲುಗಬೇಡ ಅಂತ. ನೇವಿ ಬಟ್ಟೆ ಕಪ್ಪು ಬಿಳುಪಾದಾಗ ಬರೀ 25ರಿಂದ 60ರ ಒಳಗೇ ಇತ್ತು. ಹಾಗಾಗಿ ಲೋಗೋ ಪೂರ್ತಿ ಒಂದೇ ಕಡೆ ಸುಮಾರು 17 ಪಿಕ್ಸೆಲ್ ಸರಿದಿತ್ತು, ಮಡಿಕೆಯಿಂದ ಮಡಿಕೆಗೆ ಬಾಗಿದ್ದು 7ರಷ್ಟೇ.

ಆಮೇಲೆ ಹೀಗೆ ಮಾಡಿದೆ. ಮೊದಲು ಆ ಕಪ್ಪು ಬಿಳುಪು ಪ್ರತಿಗೆ Gaussian Blur 6 ಪಿಕ್ಸೆಲ್, ಇಲ್ಲದಿದ್ದರೆ ನೇಯ್ಗೆಯ ತೂತುಗಳೂ ಲೋಗೋ ಅಂಚನ್ನು ಹಲ್ಲುಹಲ್ಲು ಮಾಡುತ್ತವೆ. ನಂತರ Levelsನಲ್ಲಿ ಬಟ್ಟೆಯ ನಡುಬಣ್ಣ 128ರ ಹತ್ತಿರ ಬರುವಷ್ಟು ಎಳೆದೆ. Displace ಅಳತೆ 10ಕ್ಕೆ ಇಳಿಸಿದೆ. ಲೋಗೋ ಇದ್ದಲ್ಲೇ ನಿಂತು ಮಡಿಕೆಯ ಜೊತೆ ಬಾಗಿತು. ಅದೇ ಬೂದು ಚಿತ್ರವನ್ನು ಲೋಗೋ ಮೇಲೆ ಮಾತ್ರ Multiplyನಲ್ಲಿ 30 ಶೇಕಡಾ ಇಟ್ಟೆ. ಬಿಳಿ ಅಕ್ಷರದ ಮೇಲೂ ನೆರಳು ಬಿತ್ತು. ಲೋಗೋವನ್ನೇ Multiply ಮಾಡಿದರೆ ಬಿಳಿ ಮಾಯವಾಗುತ್ತೆ, ಅಷ್ಟು ನೆನಪಿರಲಿ.

ತೋಳಿಗೆ ಇದು ಸಾಲದು, ಯಾಕಂದ್ರೆ ತೋಳು ದುಂಡಗಿದೆ ಅಂತ ಈ ಫಿಲ್ಟರ್‌ಗೆ ಗೊತ್ತಿಲ್ಲ. ಮೊದಲು ತೋಳಿನ ಅಂಚಿಗೆ ಸಮವಾಗಿ ಲೋಗೋ ತಿರುಗಿಸಿ, Warpನಲ್ಲಿ ಹಿಂಬದಿಗೆ ಹೋಗುವ ಅಕ್ಷರಗಳನ್ನು ಕಿರಿದು ಮಾಡಿ, ಆಮೇಲೆ Displace.

ಚಿತ್ರ ನೋಡಿದ ಅವರ ಮ್ಯಾನೇಜರ್ ಕೇಳಿದರು: "ಎದೆ ಮೇಲಿಂದು ಎಂಬ್ರಾಯ್ಡರಿ ಮಾಡಿಸೋಣ ರೀ, ಇದೇ ಚಿತ್ರ ನಡೀತದಲ್ಲ?" ನಡೆಯಲ್ಲ. ದಾರ ತುಂಬಿ, ಹಿಂದೆ ಪೇಪರ್ ಇಟ್ಟು ಹೊಲಿದ ಜಾಗ ಗಟ್ಟಿಯಾಗುತ್ತೆ, ಮಡಿಕೆ ಅದರ ಅಂಚಿಗೆ ಬಂದು ನಿಲ್ಲುತ್ತೆ. ಎದೆಯ ಲೋಗೋಗೆ Displace ಅಳತೆ 3ಕ್ಕೆ ಇಳಿಸಿ ಹೊಸ ಚಿತ್ರ ಕಳಿಸಿದೆ.